ತುಂಡಾಗದ ಗೋಡೆ, ದಪ್ಪವಾಗದ ಗೋಡೆ: ನುರಿಕಾಬೆ ಒಗಟಿನ ಎರಡು ನಿಯಮಗಳು



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ನುರಿಕಾಬೆ ಎಂಬ ಜಪಾನಿನ ಚೌಕಮನೆಗಳ ಒಗಟನ್ನು. ಅದರ ಎಲ್ಲ ಮಗ್ಗುಲುಗಳನ್ನೂ ಹೇಳುವುದು ನನ್ನ ಉದ್ದೇಶವಲ್ಲ. ಈ ಒಗಟಿನಲ್ಲಿ ಗೋಡೆಗೆ ಸಂಬಂಧಿಸಿದ ಎರಡು ನಿಯಮಗಳಿವೆ. ಗೋಡೆ ಎಲ್ಲೂ ತುಂಡಾಗಬಾರದು ಎನ್ನುವುದು ಒಂದು. ಗೋಡೆ ಎಲ್ಲೂ ಎರಡಕ್ಕೆರಡು ಮನೆಗಳಷ್ಟು ದಪ್ಪವಾಗಬಾರದು ಎನ್ನುವುದು ಇನ್ನೊಂದು. ಇವೆರಡೂ ಒಂದೇ ಗೋಡೆಯನ್ನು ಎರಡು ದಿಕ್ಕಿಗೆ ಎಳೆಯುತ್ತವೆ. ಆ ಎಳೆದಾಟ ಒಂದು ಪುಟ್ಟ ಒಗಟಿನೊಳಗೆ ಹೇಗೆ ನಡೆಯುತ್ತದೆ ಎನ್ನುವುದನ್ನು ಒಂದೊಂದೇ ಮನೆ ಹಿಡಿದು ತೋರಿಸಬೇಕೆಂದಿದ್ದೇನೆ. ನಿಮ್ಮ ಕೈಗೆ ಕೊಟ್ಟಿರುವ ಹಾಳೆಯಲ್ಲಿ ಆ ಒಗಟು ಇದೆ. ಪೆನ್ಸಿಲ್ ಇದ್ದವರು ನನ್ನ ಜೊತೆಯಲ್ಲೇ ತುಂಬುತ್ತಾ ಬರಬಹುದು.

ಮೊದಲು ಒಗಟಿನ ಹುಟ್ಟಿನ ಬಗ್ಗೆ ಎರಡು ಮಾತು. ಟೋಕಿಯೋದ ನಿಕೋಲಿ ಸಂಸ್ಥೆ 1980ರಿಂದ ಒಗಟುಗಳಿಗೇ ಮೀಸಲಾದ ಪತ್ರಿಕೆಯೊಂದನ್ನು ಹೊರತರುತ್ತಾ ಬಂದಿದೆ. ಸುಡೊಕು ಎಂಬ ಹೆಸರು ಲೋಕಕ್ಕೆಲ್ಲ ಹರಡಿದ್ದೂ ಆ ಮನೆಯಿಂದಲೇ. ಓದುಗರು ತಾವೇ ಹೊಸ ಒಗಟುಗಳನ್ನು ಕಟ್ಟಿ ಕಳಿಸುವುದು ಆ ಪತ್ರಿಕೆಯಲ್ಲಿ ಮೊದಲಿನಿಂದಲೂ ನಡೆದುಬಂದ ರೂಢಿ. 1991ರ ಮಾರ್ಚ್ ತಿಂಗಳಲ್ಲಿ ಬಂದ 33ನೆಯ ಸಂಚಿಕೆಯಲ್ಲಿ, ರೇನಿನ್ ಎಂಬ ಕಾವ್ಯನಾಮದ ಓದುಗರೊಬ್ಬರು ಕಟ್ಟಿದ ಈ ಒಗಟು ಮೊದಲ ಬಾರಿಗೆ ಅಚ್ಚಾಯಿತು. ಜನರಿಗೆ ಬಹುಬೇಗ ಹಿಡಿಸಿತು. ನುರಿಕಾಬೆ ಎನ್ನುವುದು ಜಪಾನಿನ ಜನಪದದಲ್ಲಿ ಬರುವ ಒಂದು ಮಾಯಾಗೋಡೆ. ರಾತ್ರಿ ದಾರಿಯಲ್ಲಿ ನಡೆಯುವವನ ಮುಂದೆ ಕಣ್ಣಿಗೆ ಕಾಣದಂತೆ ಎದ್ದು ನಿಂತು ಹೆಜ್ಜೆ ಮುಂದಿಡಲು ಬಿಡುವುದಿಲ್ಲವಂತೆ. ಜಾನಪದ ವಿದ್ವಾಂಸ ಯಾನಗಿಟ ಕುನಿಯೊ ಅವರು ಫುಕುವೊಕ ಸೀಮೆಯ ಕರಾವಳಿಯಲ್ಲಿ ಈ ನಂಬಿಕೆಯನ್ನು ದಾಖಲಿಸಿದ್ದಾರೆ. ಮೇಲ್ಭಾಗಕ್ಕೆ ಎಷ್ಟು ಬಡಿದರೂ ಪ್ರಯೋಜನವಿಲ್ಲ, ಕೋಲಿನಿಂದ ಬುಡವನ್ನು ಸವರಿದರೆ ಮಾಯವಾಗುತ್ತದೆ ಎಂಬ ವಿವರವೂ ಅದರಲ್ಲಿದೆ.

ಈಗ ನಿಯಮಗಳಿಗೆ ಬರೋಣ. ಚೌಕಮನೆಗಳ ಹಾಳೆಯಲ್ಲಿ ಅಲ್ಲಲ್ಲಿ ಅಂಕಿಗಳಿರುತ್ತವೆ. ಪ್ರತಿ ಅಂಕಿಯೂ ಒಂದು ದ್ವೀಪಕ್ಕೆ ಸೇರಿದ್ದು, ಆ ದ್ವೀಪದಲ್ಲಿ ಎಷ್ಟು ಮನೆಗಳಿವೆ ಎನ್ನುವುದನ್ನು ಅದು ಹೇಳುತ್ತದೆ. 3 ಎಂದಿದ್ದರೆ ಅಂಕಿ ಇರುವ ಮನೆಯೂ ಸೇರಿ ಮೂರು ಬಿಳಿ ಮನೆಗಳು ಪಕ್ಕಕ್ಕೆ ಪಕ್ಕ ಹೊಂದಿಕೊಂಡಿರಬೇಕು. ಒಂದು ದ್ವೀಪದಲ್ಲಿ ಒಂದೇ ಅಂಕಿ. ಎರಡು ದ್ವೀಪಗಳು ಪಕ್ಕದಿಂದ ಒಂದನ್ನೊಂದು ತಾಗಬಾರದು, ಮೂಲೆಯಿಂದ ತಾಗಿದರೆ ಅಡ್ಡಿಯಿಲ್ಲ. ಉಳಿದ ಮನೆಗಳಿಗೆಲ್ಲ ಕಪ್ಪು ಬಳಿಯಬೇಕು, ಅದೇ ಗೋಡೆ. ಗೋಡೆಯ ಯಾವ ಮನೆಯಿಂದ ಹೊರಟರೂ ಪಕ್ಕದ ಕಪ್ಪು ಮನೆಗೆ ಕಾಲಿಡುತ್ತಾ ಬೇರೆ ಯಾವುದೇ ಕಪ್ಪು ಮನೆಗೆ ಹೋಗಲು ಸಾಧ್ಯವಾಗಬೇಕು. ಆದರೆ ಎರಡು ಸಾಲು, ಎರಡು ಕಂಬಸಾಲು ಕೂಡುವಲ್ಲಿ ನಾಲ್ಕೂ ಮನೆಗಳು ಕಪ್ಪಾಗಕೂಡದು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಮೂಲೆಗೆ ಮೂಲೆ ತಾಗುವುದು ದ್ವೀಪಗಳಿಗೆ ತಪ್ಪಲ್ಲ, ಗೋಡೆಗೆ ಮಾತ್ರ ಅದು ಸಂಪರ್ಕವಲ್ಲ. ನಾಲ್ಕು ಮನೆಗಳು ಕೂಡುವ ಒಂದು ಬಿಂದುವಿನಲ್ಲಿ ಎದುರುಬದಿರಿನ ಎರಡು ಮನೆಗಳು ಬಿಳಿ, ಇನ್ನೆರಡು ಕಪ್ಪು ಎಂದಿಟ್ಟುಕೊಳ್ಳಿ. ಆ ಬಿಂದುವಿನಲ್ಲಿ ಗೋಡೆಗೆ ದಾರಿಯಿಲ್ಲ. ಆದ್ದರಿಂದ ಎರಡು ದ್ವೀಪಗಳು ಮೂಲೆಯಲ್ಲಿ ತಾಗಿದ ಕೂಡಲೇ ಅವೆರಡೂ ಸೇರಿ ಗೋಡೆಗೆ ಅಡ್ಡಲಾಗಿ ಒಂದು ಬೇಲಿ ಹಾಕಿದಂತೆ. ಈ ಬೇಲಿ ಹಾಳೆಯ ಒಂದು ಅಂಚಿನಲ್ಲಿ ಶುರುವಾಗಿ, ದ್ವೀಪದಿಂದ ದ್ವೀಪಕ್ಕೆ ಮೂಲೆಯಲ್ಲಿ ಹಾಯುತ್ತಾ, ಇನ್ನೊಂದು ಅಂಚಿಗೋ ಅದೇ ಅಂಚಿನ ಬೇರೊಂದು ಜಾಗಕ್ಕೋ ಹೋಗಿ ಮುಟ್ಟಿತು, ಎರಡೂ ಬದಿಗೆ ಕಪ್ಪು ಮನೆಗಳು ಉಳಿದವು ಎಂದರೆ ಗೋಡೆ ತುಂಡಾಯಿತು. ಬೇಲಿ ಉಂಗುರವಾಗಿ ಸುತ್ತಿಕೊಂಡು ಒಳಗೆ ಕಪ್ಪನ್ನು ಹಿಡಿದಿಟ್ಟರೂ ಅದೇ ಫಲ. ಗೋಡೆ ತುಂಡಾಗಲು ಮೂರನೆಯ ಬಗೆಯೇ ಇಲ್ಲ. ಹೀಗಾಗಿ ಗೋಡೆ ಒಂದಾಗಿದೆಯೇ ಎಂದು ತಿಳಿಯಲು ಗೋಡೆಯನ್ನು ನೋಡುವುದಕ್ಕಿಂತ ದ್ವೀಪಗಳ ಮೂಲೆಗಳನ್ನು ನೋಡುವುದು ಮೇಲು. ಈ ಒಗಟಿನ ಬಗ್ಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಎರಡಕ್ಕೆರಡರ ನಿಯಮದ ಸ್ವಭಾವ ಬೇರೆ. ಅದಕ್ಕೆ ದೂರದ ಸುದ್ದಿ ಬೇಡ. ನಾಲ್ಕು ಮನೆಗಳನ್ನು ನೋಡಿದರೆ ಸಾಕು, ತೀರ್ಪು ಅಲ್ಲೇ ಸಿಗುತ್ತದೆ. ಹತ್ತಕ್ಕೆ ಹತ್ತರ ಒಂದು ಹಾಳೆಯನ್ನು ಇಪ್ಪತ್ತೈದು ಬಿಡಿ ಚೌಕಗಳಾಗಿ ವಿಂಗಡಿಸಿ, ಒಂದೊಂದರಲ್ಲೂ ನಾಲ್ಕು ಮನೆಗಳಿರುವಂತೆ. ಪ್ರತಿ ಚೌಕದಲ್ಲೂ ಒಂದಾದರೂ ಬಿಳಿ ಮನೆ ಇರಲೇಬೇಕು. ಅಂದರೆ ಕಡಿಮೆಯೆಂದರೆ 25 ಬಿಳಿ ಮನೆಗಳು. ಗೋಡೆ 75 ಮನೆಗಳನ್ನು ಮೀರುವಂತಿಲ್ಲ. ಈ ನಿಯಮ ದ್ವೀಪಗಳನ್ನು ಹಾಳೆಯ ಮೂಲೆಮೂಲೆಗೂ ಕಳಿಸುತ್ತದೆ: ಎಲ್ಲಿ ಬಿಳಿಯಿಲ್ಲವೋ ಅಲ್ಲಿಗೆ ಯಾವುದಾದರೂ ದ್ವೀಪ ಕೈ ಚಾಚಬೇಕು. ಹಾಗೆ ಚಾಚುತ್ತಾ ಹೋದಷ್ಟೂ ದ್ವೀಪಗಳು ಮೂಲೆಗಳಲ್ಲಿ ತಾಗುವ ಸಂಭವ ಹೆಚ್ಚು. ತಾಗಿದಷ್ಟೂ ಗೋಡೆ ತುಂಡಾಗುವ ಅಪಾಯ ಹೆಚ್ಚು. ಒಂದು ನಿಯಮ ದ್ವೀಪಗಳನ್ನು ಹರಡುತ್ತದೆ, ಇನ್ನೊಂದು ಅವುಗಳನ್ನು ದೂರ ಇಡುತ್ತದೆ.

ಈಗ ಹಾಳೆಯನ್ನು ನೋಡಿ. ಐದು ಸಾಲು, ಐದು ಕಂಬಸಾಲು. ಸಾಲುಗಳಿಗೆ ಮೇಲಿನಿಂದ 1ರಿಂದ 5, ಕಂಬಸಾಲುಗಳಿಗೆ ಎಡದಿಂದ ಕ, ಚ, ಟ, ತ, ಪ ಎಂದು ಗುರುತು ಹಾಕಿದ್ದೇನೆ.

```
    ಕ  ಚ  ಟ  ತ  ಪ
1   ·  ·  ·  ·  1
2   3  ·  ·  2  ·
3   ·  ·  ·  ·  ·
4   ·  ·  1  ·  2
5   1  ·  ·  ·  ·
```

ಪೆನ್ಸಿಲ್ ಇಡುವ ಮುಂಚೆ ಅಂಕಿಗಳನ್ನು ಕೂಡಿಕೊಳ್ಳಿ. ಮೂರು, ಎರಡು, ಎರಡು, ಮತ್ತೆ ಮೂರು ಒಂದುಗಳು. ಒಟ್ಟು 10 ಬಿಳಿ ಮನೆಗಳು. 25ರಲ್ಲಿ 10 ಕಳೆದರೆ ಗೋಡೆಗೆ 15. ಈ 15 ನೆನಪಿರಲಿ. ಕೆಲಸ ಮುಗಿದ ಮೇಲೆ ಕಪ್ಪು ಮನೆಗಳು ಹದಿನಾಲ್ಕೋ ಹದಿನಾರೋ ಆಗಿದ್ದರೆ ಎಲ್ಲೋ ಒಂದು ದ್ವೀಪದ ಅಳತೆ ತಪ್ಪಿದೆ ಎಂದು ಆಗಲೇ ಗೊತ್ತಾಗುತ್ತದೆ.

ಸುಲಭದಿಂದ ಶುರು ಮಾಡೋಣ. 1 ಎಂಬ ದ್ವೀಪ ಒಂದೇ ಮನೆಯಲ್ಲಿ ಮುಗಿಯಿತು, ಅದರ ಸುತ್ತಲಿನ ಪಕ್ಕದ ಮನೆಗಳೆಲ್ಲ ಗೋಡೆ. ಪ1ರಿಂದಾಗಿ ತ1, ಪ2 ಕಪ್ಪು. ಟ4ರಿಂದಾಗಿ ಟ3, ಚ4, ತ4, ಟ5 ಕಪ್ಪು. ಕ5ರಿಂದಾಗಿ ಕ4, ಚ5 ಕಪ್ಪು. ಹದಿನೈದರಲ್ಲಿ ಎಂಟು ಆಯಿತು. ಇಲ್ಲಿಯವರೆಗೆ ಗೋಡೆಯ ನಿಯಮಗಳು ಬೇಕಾಗಲೇ ಇಲ್ಲ.

ಇನ್ನು ಪ2ರ ಮೇಲೆ ಕಣ್ಣಿಡಿ. ಬಲ ಅಂಚಿನಲ್ಲಿರುವ ಈ ಕಪ್ಪು ಮನೆಗೆ ಪಕ್ಕದ ಮನೆಗಳು ಮೂರೇ. ಮೇಲೆ ಪ1, ಅದು ದ್ವೀಪ. ಎಡಕ್ಕೆ ತ2, ಅದೂ ದ್ವೀಪ. ಕೆಳಗಿನ ಪ3 ಒಂದೇ ಅದಕ್ಕೆ ಉಳಿದ ದಾರಿ. ಪ3 ಬಿಳಿಯಾದರೆ ಪ2 ಒಂಟಿಯಾಗಿ ಸಿಕ್ಕಿಬೀಳುತ್ತದೆ. ಆದ್ದರಿಂದ ಪ3 ಕಪ್ಪು. ಇಲ್ಲಿ ಪ1, ತ2 ಎರಡೂ ಮೂಲೆಗೆ ಮೂಲೆ ತಾಗಿ ಆಗಲೇ ಅರ್ಧ ಬೇಲಿ ಹಾಕಿಬಿಟ್ಟಿದ್ದವು ಎನ್ನುವುದನ್ನು ಗಮನಿಸಿ. ಮುಂದಿನ ಹೆಜ್ಜೆಗಳೆಲ್ಲ ಆ ಅರ್ಧ ಬೇಲಿಯಿಂದಲೇ ಹುಟ್ಟುತ್ತವೆ.

ಪ3 ಕಪ್ಪಾದ ಮೇಲೆ ಪ4ರಲ್ಲಿರುವ 2 ಎಲ್ಲಿಗೆ ಬೆಳೆಯಬೇಕು? ಮೇಲೆ ಗೋಡೆ, ಎಡಕ್ಕೆ ತ4 ಗೋಡೆ. ಉಳಿದಿದ್ದು ಪ5. ಅದು ಬಿಳಿ. ಆ ದ್ವೀಪ ಅಲ್ಲಿಗೆ ಪೂರ್ತಿಯಾದ್ದರಿಂದ ಪಕ್ಕದ ತ5 ಕಪ್ಪು.

ಈಗ ತ2ರಲ್ಲಿರುವ 2. ಅದಕ್ಕೆ ಇನ್ನೊಂದು ಮನೆ ಬೇಕು. ತ1, ಪ2 ಎರಡೂ ಗೋಡೆ. ಎಡಕ್ಕೆ ಟ2, ಕೆಳಗೆ ತ3, ಇವೆರಡೇ ದಾರಿ. ಕೆಳಕ್ಕೆ ಇಳಿಯಿತು ಎಂದಿಟ್ಟುಕೊಳ್ಳೋಣ. ಆಗ ಪ3ರ ಎಡಕ್ಕೆ ತ3 ಬಿಳಿ, ಕೆಳಗೆ ಪ4 ಬಿಳಿ, ಮೇಲೆ ಪ2. ಆ ಪ2ಕ್ಕೂ ಬೇರೆ ದಾರಿಯಿಲ್ಲ. ಪ2, ಪ3 ಎರಡೇ ಮನೆಗಳು ಗೋಡೆಯಿಂದ ಕಡಿದು ಬೀಳುತ್ತವೆ. ಬೇಲಿಯ ಲೆಕ್ಕದಲ್ಲಿ ಹೇಳುವುದಾದರೆ ಪ1 ಎಂಬ ಅಂಚಿನ ಮನೆಯಿಂದ ತ2, ತ3 ಹಾಯ್ದು ಮೂಲೆಯಲ್ಲಿ ಪ4 ಮುಟ್ಟಿದರೆ ಮತ್ತೆ ಬಲ ಅಂಚು ಬಂತು. ಅಂಚಿನಿಂದ ಅಂಚಿಗೆ ಬೇಲಿ ಮುಗಿಯಿತು. ಆದ್ದರಿಂದ ತ3 ಕಪ್ಪು, ಟ2 ಬಿಳಿ. ದ್ವೀಪ ಪೂರ್ತಿಯಾಯಿತು, ಅದರ ಪಕ್ಕದ ಟ1, ಚ2 ಕಪ್ಪು. ಒಟ್ಟು ಹದಿಮೂರು ಕಪ್ಪು ಮನೆಗಳಾದವು, ಇನ್ನೆರಡು ಬೇಕು. ನಾಲ್ಕು ಮನೆಗಳು ಬಾಕಿ: ಕ1, ಚ1, ಕ3, ಚ3.

ಎಡಗಡೆಯ 3 ಈಗ ಸ್ವಾರಸ್ಯದ ಘಟ್ಟಕ್ಕೆ ಬಂದಿದೆ. ಕ2ರ ಬಲಕ್ಕೆ ಚ2 ಗೋಡೆ. ಆದ್ದರಿಂದ ದ್ವೀಪ ಮೇಲೆ ಕ1ಕ್ಕೋ ಕೆಳಗೆ ಕ3ಕ್ಕೋ ಹೋಗಬೇಕು. ಚ1 ಬೇಕೆಂದರೆ ಕ1ರ ಮೂಲಕವೇ, ಚ3 ಬೇಕೆಂದರೆ ಕ3ರ ಮೂಲಕವೇ. ಹಾಗಾಗಿ ಮೂರೇ ಆಕಾರಗಳು ಸಾಧ್ಯ. ಮೇಲಕ್ಕೆ ಹೋಗಿ ಬಲಕ್ಕೆ ತಿರುಗುವುದು ಒಂದು, ಕೆಳಕ್ಕೆ ಇಳಿದು ಬಲಕ್ಕೆ ತಿರುಗುವುದು ಇನ್ನೊಂದು, ಮೇಲೊಂದು ಕೆಳಗೊಂದು ಮನೆಯಾಗಿ ನೆಟ್ಟಗೆ ನಿಲ್ಲುವುದು ಮೂರನೆಯದು.

ಮೊದಲನೆಯ ಆಕಾರವನ್ನು ಎರಡು ನಿಯಮಗಳೂ ಒಪ್ಪುವುದಿಲ್ಲ. ಕೆಳಗೆ ಕ3, ಚ3, ಕ4, ಚ4 ನಾಲ್ಕೂ ಕಪ್ಪಾಗಿ ಗಟ್ಟಿ ಚೌಕ ಬೀಳುತ್ತದೆ. ಮೇಲೆ ಚ1 ಬಿಳಿಯಾದ್ದರಿಂದ ಟ1, ತ1 ಸಿಕ್ಕಿಬೀಳುತ್ತವೆ.

ಎರಡನೆಯ ಆಕಾರ ಮೋಸದ್ದು. ಕ2, ಕ3, ಚ3. ಇದರಲ್ಲಿ ಎಲ್ಲೂ ಗಟ್ಟಿ ಚೌಕವಿಲ್ಲ. ಒಂದೊಂದೇ ನಾಲ್ಕು ಮನೆಗಳನ್ನು ಪರೀಕ್ಷಿಸಿ ನೋಡಿ, ಎಲ್ಲದರಲ್ಲೂ ಬಿಳಿ ಸಿಗುತ್ತದೆ. ಕಪ್ಪು ಮನೆಗಳ ಲೆಕ್ಕವೂ ಸರಿಯಾಗಿ 15. ದ್ವೀಪಗಳ ಅಳತೆಯೂ ಸರಿ. ಹೊಸದಾಗಿ ಆಡುವವರು ಇಲ್ಲಿಗೆ ಬಿಡಿಸಿದೆವೆಂದು ಪೆನ್ಸಿಲ್ ಕೆಳಗಿಡುವುದು ಸಹಜ. ಆದರೆ ದ್ವೀಪಗಳ ಮೂಲೆಗಳನ್ನು ನೋಡಿ. ಎಡ ಅಂಚಿನ ಕ3ರಿಂದ ಚ3, ಅಲ್ಲಿಂದ ಮೂಲೆಯಲ್ಲಿ ಟ2, ಅದರ ಜೊತೆಗಿನ ತ2, ಮತ್ತೆ ಮೂಲೆಯಲ್ಲಿ ಪ1. ಎಡ ಅಂಚಿನಿಂದ ಹೊರಟ ಬೇಲಿ ಬಲಮೇಲಿನ ಮೂಲೆಗೆ ಮುಟ್ಟಿದೆ. ಅದರ ಮೇಲೆ ಕ1, ಚ1, ಟ1, ತ1, ಚ2 ಎಂಬ ಐದು ಕಪ್ಪು ಮನೆಗಳು, ಕೆಳಗೆ ಹತ್ತು. ಎರಡರ ನಡುವೆ ಓಡಾಟವಿಲ್ಲ. ನಾಲ್ಕು ನಾಲ್ಕು ಮನೆಗಳನ್ನು ಮಾತ್ರ ನೋಡುತ್ತಾ ಹೋದವರಿಗೆ ಈ ಬಿರುಕು ಕೊನೆಯವರೆಗೂ ಕಾಣುವುದೇ ಇಲ್ಲ.

ಉಳಿದದ್ದು ನೆಟ್ಟಗೆ ನಿಲ್ಲುವ ಆಕಾರ. ಕ1, ಕ2, ಕ3 ಬಿಳಿ. ಚ1, ಚ3 ಕಪ್ಪು.

```
    ಕ  ಚ  ಟ  ತ  ಪ
1   □  ■  ■  ■  1
2   3  ■  □  2  ■
3   □  ■  ■  ■  ■
4   ■  ■  1  ■  2
5   1  ■  ■  ■  □
```

ಎಣಿಸಿ, 15 ಕಪ್ಪು. ಗೋಡೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ನೋಡಿ. ನಡುವಿನ ಟ4 ಎಂಬ ಒಂಟಿ ದ್ವೀಪದ ಸುತ್ತ ಎಂಟು ಮನೆಗಳ ಒಂದು ಉಂಗುರವಿದೆ. ಆ ಉಂಗುರದ ಚ3ರಿಂದ ಒಂದು ಕೊಂಬೆ ಮೇಲಕ್ಕೇರಿ ಬಲಕ್ಕೆ ತಿರುಗಿ ತ1ರಲ್ಲಿ ಕೊನೆಯಾಗುತ್ತದೆ. ತ3ರಿಂದ ಇನ್ನೊಂದು ಕೊಂಬೆ ಪ3, ಪ2ಕ್ಕೆ. ಚ4ರಿಂದ ಒಂದೇ ಮನೆಯ ಚಿಗುರು ಕ4ಕ್ಕೆ. ಉಂಗುರ ಒಂದೇ ಏಕೆ ಬಂತು ಎನ್ನುವುದಕ್ಕೂ ಕಾರಣವಿದೆ. ಗಟ್ಟಿ ಚೌಕಗಳಿಲ್ಲದ ಗೋಡೆಯಲ್ಲಿ ಉಂಗುರವೊಂದು ಸುತ್ತಿಕೊಂಡರೆ ಅದರೊಳಗೆ ಬಿಳಿ ಇದ್ದೇ ಇರುತ್ತದೆ. ಈ ಹಾಳೆಯಲ್ಲಿ ಅಂಚನ್ನು ಮುಟ್ಟದೆ, ಅಂಚು ಮುಟ್ಟಿದ ದ್ವೀಪವನ್ನು ಮೂಲೆಯಿಂದಲೂ ತಾಗದೆ ಇರುವ ದ್ವೀಪ ಟ4 ಒಂದೇ. ತ2ರ ದ್ವೀಪವೂ ಅಂಚಿನಿಂದ ದೂರವೇ ಇದೆ, ಆದರೆ ಅದು ಪ1ಕ್ಕೆ ಮೂಲೆ ತಾಗಿಸಿದೆ. ಹಾಗಾಗಿ ಗೋಡೆ ಅದನ್ನು ಸುತ್ತಿಬರಲಾರದು, ತ1ಕ್ಕೂ ಪ2ಕ್ಕೂ ಬಂದು ನಿಂತುಬಿಡುತ್ತದೆ. ಬಿಡಿಸಿ ಮುಗಿಸಿದ ಮೇಲೆ ಉಂಗುರಗಳನ್ನು ಹೀಗೆ ದ್ವೀಪಗಳಿಗೆ ತಾಳೆ ನೋಡುವುದು ನನಗೆ ಬಹಳ ಪ್ರಿಯವಾದ ಪರೀಕ್ಷೆ. ಗೋಡೆಯ ಮೇಲೆ ಬೆರಳಾಡಿಸುವುದಕ್ಕಿಂತ ಅದು ಬೇಗ ಮುಗಿಯುತ್ತದೆ.

ಇಷ್ಟು ಹೊತ್ತು ಗಮನವಿಟ್ಟು ಕೇಳಿದವರು ಒಂದು ಪ್ರಶ್ನೆ ಕೇಳಬಹುದು. ಈ ಒಗಟಿನಲ್ಲಿ ಎರಡಕ್ಕೆರಡರ ನಿಯಮ ನಿಜಕ್ಕೂ ಬೇಕಿತ್ತೇ? ಮೊದಲ ಆಕಾರವನ್ನು ಗೋಡೆ ತುಂಡಾಗುವ ಕಾರಣಕ್ಕೇ ಬಿಡಬಹುದಿತ್ತಲ್ಲ? ಹೌದು, ಈ ಹಾಳೆಯನ್ನು ಗೋಡೆಯ ಅಖಂಡತೆಯೊಂದರಿಂದಲೇ ಬಿಡಿಸಬಹುದು. ಬೇಕೆಂದೇ ಇಂಥದ್ದನ್ನು ಕಟ್ಟಿ ತಂದಿದ್ದೇನೆ. ಈಗ ಕ2ರಲ್ಲಿರುವ 3ನ್ನು ಅಳಿಸಿ 2 ಎಂದು ಬರೆಯಿರಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಹದಿಮೂರನೆಯ ಕಪ್ಪು ಮನೆಯವರೆಗಿನ ಹೆಜ್ಜೆಗಳೆಲ್ಲ ಹಾಗೇ ನಿಲ್ಲುತ್ತವೆ, ಏಕೆಂದರೆ ಅವು ಯಾವುವೂ ಆ 3ನ್ನು ಆಧರಿಸಿರಲಿಲ್ಲ. ಗೋಡೆಗೆ ಮಾತ್ರ 15ರ ಬದಲು 16 ಮನೆಗಳಾಗುತ್ತವೆ. ದ್ವೀಪಕ್ಕೆ ಈಗ ಒಂದೇ ಮನೆ ಬೇಕು; ಕ1 ಅಥವಾ ಕ3. ಕ1 ತೆಗೆದುಕೊಂಡರೆ ಗೋಡೆ ತುಂಡಾಗುವುದಿಲ್ಲ. ಕ3 ತೆಗೆದುಕೊಂಡರೂ ತುಂಡಾಗುವುದಿಲ್ಲ. ಅಖಂಡತೆಯ ನಿಯಮ ಇಲ್ಲಿ ಮೌನ. ಆದರೆ ಕ1 ಬಿಳಿಯಾದರೆ ಕೆಳಗೆ ಕ3, ಚ3, ಕ4, ಚ4 ಗಟ್ಟಿಯಾಗುತ್ತವೆ. ಆ ನಾಲ್ಕರಲ್ಲಿ ಕ4, ಚ4 ಮೊದಲೇ ಗೋಡೆ. ಚ3ಕ್ಕೆ ಬರುವಷ್ಟು ಉದ್ದ ಯಾವ ದ್ವೀಪಕ್ಕೂ ಇಲ್ಲ. ಆದ್ದರಿಂದ ಕ3 ಬಿಳಿಯಾಗಲೇಬೇಕು. ಒಂದು ಅಂಕಿ ಬದಲಾದದ್ದಕ್ಕೆ ತೀರ್ಪು ಹೇಳುವ ನಿಯಮವೇ ಬದಲಾಯಿತು.

ಈ ಎರಡನೆಯ ತರ್ಕದಲ್ಲಿ ಆಟಗಾರರು ಹೆಚ್ಚು ಎಡವುವ ಜಾಗವೊಂದಿದೆ. ಗಟ್ಟಿ ಚೌಕವಾಗುವ ಸಂಭವ ಕಂಡೊಡನೆ ಹತ್ತಿರದ ಅಂಕಿಯಿಂದ ಅದಕ್ಕೆ ಬಿಳಿ ಎಳೆದುಬಿಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ: ಈ ನಾಲ್ಕರಲ್ಲಿ ಒಂದೊಂದು ಮನೆಗೂ ಯಾವ ಯಾವ ದ್ವೀಪ ಬರಬಲ್ಲದು? ದೂರವನ್ನು ಎಣಿಸುವಾಗ ನೇರ ಗೆರೆಯಲ್ಲಿ ಎಣಿಸಬಾರದು, ಈಗಾಗಲೇ ಕಟ್ಟಿರುವ ಗೋಡೆಯನ್ನು ಸುತ್ತಿ ಎಣಿಸಬೇಕು. ಹಾದಿಯಲ್ಲಿ ಬೇರೆ ದ್ವೀಪದ ಪಕ್ಕ ತಾಗುವಂತಿದ್ದರೆ ಆ ಹಾದಿಯನ್ನೂ ಬಿಡಬೇಕು. ಹೀಗೆ ಸೋಸಿದ ಮೇಲೆ ಒಂದೇ ದ್ವೀಪ, ಒಂದೇ ದಾರಿ ಉಳಿದರೆ ಆಗ ಬಳಿಯಬಹುದು. ಒಂದಕ್ಕಿಂತ ಹೆಚ್ಚು ಉಳಿದರೆ ಆ ಚೌಕವನ್ನು ಗುರುತು ಹಾಕಿಕೊಂಡು ಬೇರೆ ಕಡೆ ಹೋಗುವುದು ಒಳ್ಳೆಯದು.

ಅಖಂಡತೆಯ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. ಅರ್ಧ ಬಿಡಿಸಿದ ಹಾಳೆಯಲ್ಲಿ ಗೋಡೆ ನಾಲ್ಕಾರು ತುಂಡುಗಳಾಗಿರುವುದು ಸಹಜ. ಅದನ್ನು ಕಂಡು ಗಾಬರಿಯಾಗಿ ಅವುಗಳ ನಡುವೆ ಕಪ್ಪು ಬಳಿದು ಸೇರಿಸಲು ಹೋಗಬಾರದು. ಒಂದು ತುಂಡಿಗೆ ಹೊರಹೋಗುವ ಬಾಯಿ ಒಂದೇ ಉಳಿದಾಗ ಮಾತ್ರ ಆ ಬಾಯಿಯ ಮನೆ ಕಪ್ಪೆಂದು ಖಚಿತ. ಪ2ರಲ್ಲಿ ನಾವು ಮಾಡಿದ್ದು ಅದನ್ನೇ. ಎರಡು ಬಾಯಿಗಳಿದ್ದರೆ ಕಾಯಬೇಕು.

ದೊಡ್ಡ ಹಾಳೆಗಳಲ್ಲಿ ಇದೆಲ್ಲ ಎಷ್ಟು ಕಠಿಣವಾಗಬಲ್ಲದು ಎನ್ನುವುದನ್ನು ಗಣಕ ವಿಜ್ಞಾನಿಗಳು ಪರಿಶೀಲಿಸಿದ್ದಾರೆ. ಅಮೆರಿಕದ ರೀಡ್ ಕಾಲೇಜಿನಲ್ಲಿ ಬ್ರ್ಯಾಂಡನ್ ಮೆಕ್‌ಫೇಲ್ 2003ರಲ್ಲಿ, ಹೋಲ್ಟ್‌ಸರ್, ಕ್ಲೈನ್, ಕುಟ್ರಿಬ್ ಎಂಬ ಮೂವರು 2004ರಲ್ಲಿ, ನುರಿಕಾಬೆ ಎನ್‌ಪಿ-ಕಂಪ್ಲೀಟ್ ಎಂಬ ಗುಂಪಿಗೆ ಸೇರಿದ್ದೆಂದು ತೋರಿಸಿದರು. ಸರಳವಾಗಿ ಹೇಳಬೇಕೆಂದರೆ, ಕೊಟ್ಟ ಉತ್ತರ ಸರಿಯೇ ಎಂದು ನೋಡುವುದು ಸುಲಭ, ಎಷ್ಟೇ ದೊಡ್ಡ ಹಾಳೆಯಾದರೂ ವೇಗವಾಗಿ ಉತ್ತರ ಹುಡುಕಿಕೊಡುವ ಒಂದೇ ವಿಧಾನ ಮಾತ್ರ ಯಾರಿಗೂ ಸಿಕ್ಕಿಲ್ಲ. ಅಂಕಿಗಳು 1 ಮತ್ತು 2 ಮಾತ್ರ ಇದ್ದರೂ ಈ ಕಾಠಿಣ್ಯ ಕಡಿಮೆಯಾಗುವುದಿಲ್ಲ. ನಮ್ಮ ಇಂದಿನ ಮಾತಿಗೆ ನೇರವಾಗಿ ತಾಗುವ ಫಲಿತಾಂಶವೂ ಆ ಮೂವರ ಲೇಖನದಲ್ಲೇ ಬರುತ್ತದೆ: ಗೋಡೆಯ ಎರಡು ನಿಯಮಗಳಲ್ಲಿ ಯಾವುದಾದರೂ ಒಂದನ್ನು ತೆಗೆದುಹಾಕಿದರೂ, ಉಳಿದ ಒಗಟು ಅದೇ ಗುಂಪಿನಲ್ಲಿ ಉಳಿಯುತ್ತದೆ. ಒಂದೇ ನಿಯಮ ಇದ್ದರೂ ಸಾಕು, ಗಣಕಕ್ಕೆ ಕಷ್ಟವೇ.

ಹಾಗಾದರೆ ಎರಡೂ ಏಕೆ ಬೇಕು? ನನ್ನ ಉತ್ತರ ಗಣಕದ ಕಡೆಯಿಂದಲ್ಲ, ಬಿಡಿಸುವವರ ಕಡೆಯಿಂದ. ನಾಲ್ಕು ಮನೆಗಳ ನಿಯಮವೊಂದೇ ಇದ್ದರೆ ನಮ್ಮ 3ರ ಒಗಟಿಗೆ ಎರಡನೆಯ ಆಕಾರವೂ ಉತ್ತರವಾಗುತ್ತಿತ್ತು. ಅಖಂಡತೆಯೊಂದೇ ಇದ್ದರೆ 2ರ ಒಗಟಿಗೆ ಎರಡು ಉತ್ತರಗಳಾಗುತ್ತಿದ್ದವು. ಒಂದೇ ಉತ್ತರ ಬರುವಂತೆ ಒಗಟು ಕಟ್ಟುವವನಿಗೆ ಆಗ ಹಾಳೆಯ ತುಂಬ ಅಂಕಿಗಳನ್ನು ಸುರಿಯಬೇಕಾಗುತ್ತಿತ್ತು. ಎರಡೂ ನಿಯಮಗಳು ಒಟ್ಟಿಗೆ ಕೆಲಸ ಮಾಡುವುದರಿಂದಲೇ ಅವನು 2ರ ಒಗಟಿನಲ್ಲೂ ಆರೇ ಅಂಕಿಗಳನ್ನಿಟ್ಟು 25 ಮನೆಗಳನ್ನೂ ನಿರ್ಧರಿಸಬಲ್ಲ.

ಹಾಳೆಯ ಹಿಂಬದಿಯಲ್ಲಿ ಖಾಲಿ ಚೌಕವೊಂದನ್ನು ಬಿಟ್ಟಿದ್ದೇನೆ. ಮನೆಗೆ ಹೋದ ಮೇಲೆ ಅದೇ ಆರು ಅಂಕಿಗಳನ್ನು ಬರೆದು, ಪ1ರಲ್ಲಿರುವ 1ನ್ನು ಮಾತ್ರ ಬಿಟ್ಟುಬಿಡಿ. ಬಲಮೇಲಿನ ಮೂಲೆ ಆಗ ಗೋಡೆಯ ಪಾಲಾಗುತ್ತದೆ, ಅರ್ಧ ಬೇಲಿ ಇಲ್ಲವಾಗುತ್ತದೆ. ಪ3 ಕಪ್ಪೇ ಆಗಬೇಕೆಂಬ ಒತ್ತಾಯ ಉಳಿಯುತ್ತದೆಯೇ, ಎಷ್ಟು ಉತ್ತರಗಳು ಬರುತ್ತವೆ ಎಂದು ನೀವೇ ಬಿಡಿಸಿ ನೋಡಿ.